8 ಲಕ್ಷದ ಪ್ಯಾಕೇಜ್ ಅಂದ್ರೆ ತಿಂಗಳಿಗೆ ಕೈಗೆ ಎಷ್ಟು?

ಪ್ರಶ್ನೆ: ಕ್ಯಾಂಪಸ್‌ನಲ್ಲಿ 8 ಲಕ್ಷದ ಆಫರ್ ಸಿಕ್ಕಿದೆ. ತಿಂಗಳಿಗೆ 66,000 ಬರುತ್ತೆ ಅಲ್ವಾ?

ಉತ್ತರ: ಇಲ್ಲ, ಬಹುಶಃ 45,000ದ ಆಸುಪಾಸು ಬರಬಹುದು. 8 ಲಕ್ಷ ಎಂಬುದು ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಅದು ಪೂರ್ತಿ ಸಂಬಳವಲ್ಲ.

ಒಂದು ಉದಾಹರಣೆ ನೋಡಿ. ತಿಂಗಳ ಬೇಸಿಕ್ 25,000 ಎಂದುಕೊಳ್ಳಿ. 8 ಲಕ್ಷದಲ್ಲಿ ಜಾಯ್ನಿಂಗ್ ಬೋನಸ್ 1 ಲಕ್ಷ, ಕೆಲಸ ಹೇಗಿತ್ತು ಎಂದು ನೋಡಿ ಕೊಡುವ ವೇರಿಯಬಲ್ ಪೇ 70,000 ಸೇರಿರುತ್ತವೆ. ಕಂಪನಿ ಕಟ್ಟುವ ಪಿಎಫ್, ಬೇಸಿಕ್‌ನ ಶೇ. 12ರಂತೆ, ವರ್ಷಕ್ಕೆ 36,000. ಕೆಲಸ ಬಿಡುವಾಗ ಸಿಗುವ ಇಡುಗಂಟು, ಅಂದರೆ ಗ್ರಾಚ್ಯುಟಿ, ಶೇ. 4.81ರಂತೆ ಸುಮಾರು 14,400. ಇವೆಲ್ಲ ಕಳೆದರೆ ಉಳಿಯುವುದು ಸುಮಾರು 5.8 ಲಕ್ಷ, ತಿಂಗಳಿಗೆ 48,300. ಅದರಿಂದ ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಹೋಗುತ್ತದೆ.

ಪಿಎಫ್ ನಿಮ್ಮದೇ ಹಣ, ಅದಕ್ಕೆ ಬೇಸರ ಬೇಡ. ಗ್ರಾಚ್ಯುಟಿ ಹಾಗಲ್ಲ. ಕಾಯಂ ನೌಕರರಿಗೆ ಅದು ಸಾಮಾನ್ಯವಾಗಿ 5 ವರ್ಷ ತುಂಬಿದ ಮೇಲೇ ಸಿಗುವುದು.

ನನಗೆ ಹೆಚ್ಚು ಚಿಂತೆ ಜಾಯ್ನಿಂಗ್ ಬೋನಸ್‌ದು. ಅದು ಒಂದೇ ಸಲ ಬರುತ್ತದೆ. ಹಾಗಾಗಿ ಎರಡನೇ ವರ್ಷ, ಇನ್‌ಕ್ರಿಮೆಂಟ್ ಬಿಟ್ಟರೆ, ಇದೇ ಪ್ಯಾಕೇಜ್ 7 ಲಕ್ಷಕ್ಕೆ ಇಳಿಯುತ್ತದೆ. ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತೂ ಎಷ್ಟೋ ಸಲ ಇರುತ್ತದೆ. ಆಫರ್ ಲೆಟರ್‌ನ ಕೊನೆಯಲ್ಲಿರುವ ಸಂಬಳದ ಅನುಬಂಧದಲ್ಲಿ ‘ಫಿಕ್ಸೆಡ್’ ಸಾಲು ಹುಡುಕಿ. ಅದರಲ್ಲಿ ಪಿಎಫ್, ಗ್ರಾಚ್ಯುಟಿ ಸೇರಿದೆಯಾ ಅಂತ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ.