ಶಿಶುಗೀತೆಯನ್ನು ಕನ್ನಡಕ್ಕೆ ತರುವಾಗ ಪದವನ್ನು ಬಿಟ್ಟು ತಾಳವನ್ನು ಹಿಡಿಯುವುದು

ಪ್ರಶ್ನೆ: "ಇಂಗ್ಲಿಷ್ ನರ್ಸರಿ ರೈಮ್‌ಗಳನ್ನು ಅನುವಾದ ಮಾಡಿದರೆ ಅರ್ಥ ಸರಿಯಾಗಿರುತ್ತೆ, ಆದರೆ ಹಾಡೋಕೆ ಬರೋದಿಲ್ಲ. ಏನು ಮಾಡಬೇಕು?"

ಮೊದಲು ತಾಳ ಎಣಿಸಿ, ಆಮೇಲೆ ಪದ ಹುಡುಕಿ. ನಾನು ಮಾಡುವುದು ಹೀಗೆ. ‘ಹಿಕರಿ ಡಿಕರಿ ಡಾಕ್’ ತಗೊಳ್ಳೋಣ. ಇಲಿ ಗಡಿಯಾರ ಹತ್ತುತ್ತದೆ, ಒಂದು ಗಂಟೆ ಹೊಡೆಯುತ್ತದೆ, ಇಲಿ ಇಳಿಯುತ್ತದೆ. ಕಥೆ ಅಷ್ಟೇ. ಮೊದಲ ಸಾಲಿನ ಪದಗಳಿಗಂತೂ ಮಗುವಿನ ಮಟ್ಟಿಗೆ ಅರ್ಥವೇ ಇಲ್ಲ, ಅದು ಬರೀ ಸದ್ದು.

ಚಪ್ಪಾಳೆ ತಟ್ಟುತ್ತಾ ಹೇಳಿ ನೋಡಿ. ಮೊದಲ ಎರಡು ಸಾಲಿಗೆ ಮೂರು ಮೂರು ಪೆಟ್ಟು, ನಡುವಿನ ಎರಡು ಗಿಡ್ಡ ಸಾಲಿಗೆ ಎರಡೆರಡು, ಕೊನೆಯದಕ್ಕೆ ಮತ್ತೆ ಮೂರು. ಇಂಗ್ಲಿಷಿನಲ್ಲಿ ಪೆಟ್ಟುಗಳ ನಡುವೆ ಅಕ್ಷರ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ. ಕನ್ನಡದ ಕಿವಿ ಮಾತ್ರೆ ಎಣಿಸುತ್ತದೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತು: ಹ್ರಸ್ವಕ್ಕೆ ಒಂದು, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಅದಕ್ಕೇ ಪ್ರತಿ ಪೆಟ್ಟಿಗೂ ನಾಲ್ಕು ಮಾತ್ರೆ ಇಟ್ಟುಕೊಂಡೆ.

ಇಲ್ಲಿ ‘ಗಡಿಯಾರ’ ತೊಡಕಾಗುತ್ತದೆ. ಅದಕ್ಕೆ ಐದು ಮಾತ್ರೆ. ‘ಗಡಿಯಾರದ ಮೇಲೆ’ ಎಂದರೆ ಎರಡನೆಯ ಚಪ್ಪಾಳೆ ‘ರ’ ಮೇಲೆ ಬಿದ್ದು ಪದ ಮುರಿಯುತ್ತದೆ. ದೊಡ್ಡವರ ಕವಿತೆಯಲ್ಲಿ ಇದು ನಡೆಯುತ್ತೆ, ಚಪ್ಪಾಳೆ ಹಾಡಿನಲ್ಲಿ ಮಗು ಅಲ್ಲೇ ಎಡವುತ್ತದೆ. ಹಾಗಾಗಿ ಪದವನ್ನೇ ತೆಗೆದು, ಗಡಿಯಾರವನ್ನು ಅದರ ಸದ್ದಿಗೆ ಒಪ್ಪಿಸಿದೆ:

ಟಿಕ್ಕಿರಿ ಟಿಕ್ಕಿರಿ ಟಿಕ್
ಚಿಕ್ಕಿಲಿ ಹತ್ತಿತು ಚಕ್
ಢಣ್ಣನೆ ಹೊಡೆಯಿತು
ಸಣ್ಣಿಲಿ ಇಳಿಯಿತು
ಟಿಕ್ಕಿರಿ ಟಿಕ್ಕಿರಿ ಟಿಕ್

‘ಟಿಕ್ಕಿರಿ’ ನಾಲ್ಕು ಮಾತ್ರೆ, ‘ಚಿಕ್ಕಿಲಿ’ಯೂ ನಾಲ್ಕು. ಸಾಲಿನ ಕೊನೆಯ ‘ಟಿಕ್’, ‘ಚಕ್’ ಎರಡೇ ಮಾತ್ರೆ. ಉಳಿದ ಎರಡು ಮಾತ್ರೆಯಲ್ಲಿ ಮಗು ಉಸಿರು ತಗೊಳ್ಳುತ್ತದೆ.

ಪ್ರಾಸದ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಇಂಗ್ಲಿಷಿನ ಅಂತ್ಯಪ್ರಾಸವನ್ನು ಹಾಗೇ ತರೋಣ ಅನಿಸುತ್ತದೆ, ಅಲ್ವಾ? ಆದರೆ ನಮ್ಮಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಓಡಿತು, ಹತ್ತಿತು, ಇಳಿಯಿತು ಎಂದು ಸಾಲುಗಳು ತಾವಾಗೇ ಒಂದೇ ಥರ ಮುಗಿಯುತ್ತವೆ. ಸುಮ್ನೆ ಸಿಗುವ ಈ ಪ್ರಾಸಕ್ಕೆ ಕಿವಿ ನಿಮಿರುವುದಿಲ್ಲ. ನಮ್ಮ ಕಿವಿಗೆ ಹಿತವಾಗುವುದು ಸಾಲಿನ ಎರಡನೆಯ ಅಕ್ಷರದ ಪ್ರಾಸ. ‘ಟಿಕ್ಕಿರಿ–ಚಿಕ್ಕಿಲಿ’ಯಲ್ಲಿ ‘ಕ್ಕ’, ‘ಢಣ್ಣನೆ–ಸಣ್ಣಿಲಿ’ಯಲ್ಲಿ ‘ಣ್ಣ’ ಇರುವುದು ಅದಕ್ಕೇ. ಈ ಒತ್ತಕ್ಷರಗಳೇ ತಾಳವನ್ನೂ ಹೊಡೆಯುತ್ತವೆ. ಚಕ್ಕನೆ, ಢಣ್ಣನೆ, ಸರ್ರನೆ, ದಡಬಡ ಮುಂತಾದ ಅನುಕರಣೆಯ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ. ಶಿಶುಗೀತೆಗೆ ನಿಘಂಟಿಗಿಂತ ಇವೇ ಜಾಸ್ತಿ ಉಪಯೋಗ.

ಇದರಲ್ಲಿ ‘ಒಂದು’ ಎಂಬ ಪದ ಹೋಯಿತು. ಒಂದೇ ಸಲ ‘ಢಣ್’ ಎನ್ನುವುದರಿಂದ ನನಗೆ ಅಷ್ಟು ಸಾಕು. ಆದರೆ ನೀವು ಹಾಡಿನಿಂದ ಎಣಿಕೆ ಕಲಿಸುವುದಾದರೆ ಇದು ಸಾಲದು. ಆಗ ‘ಒಂದನು ಹೊಡೆಯಿತು’ ಎಂದು ಶುರುಮಾಡಿ, ಮುಂದಿನ ಸಾಲಿಗೆ ‘ಂದ’ ಪ್ರಾಸದ ಪದ ಹುಡುಕಬೇಕು. ‘ಹಿಂದಕೆ ಓಡಿತು’ ಸರಿಯಾಗಿ ಕೂರುತ್ತದೆ.

ಬರೆದಾದ ಮೇಲೆ ಹಾಡು ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಚಪ್ಪಾಳೆ ತಟ್ಟುತ್ತಾ ಓದಲು ಹೇಳಿ. ಅವರು ಎಲ್ಲಿ ಸ್ವರ ಎಳೆಯುತ್ತಾರೋ, ಎಲ್ಲಿ ಅಕ್ಷರ ನುಂಗುತ್ತಾರೋ ಆ ಪದವನ್ನು ಬದಲಾಯಿಸಿ.