ಐದನೆಯವ ಒಂದೇ ನಾಣ್ಯಕ್ಕೆ ಏಕೆ ಒಪ್ಪುತ್ತಾನೆ?

ಸಂಪಾದಕರಿಗೆ ನಮಸ್ಕಾರ. ಐವರು ಕಡಲ್ಗಳ್ಳರು 100 ಚಿನ್ನದ ನಾಣ್ಯ ಹಂಚಿಕೊಳ್ಳುವ ಒಗಟಿಗೆ ಕಳೆದ ಸಂಚಿಕೆಯಲ್ಲಿ ನೀವು ಕೊಟ್ಟ ಉತ್ತರ ‘98, 0, 1, 0, 1’. ಇದು ನನಗೆ ಒಪ್ಪಿಗೆಯಾಗಲಿಲ್ಲ. ಮೊದಲನೆಯವನು 98 ಬಾಚಿಕೊಂಡರೆ ಉಳಿದ ನಾಲ್ವರು ಸುಮ್ಮನೆ ಬಿಡುತ್ತಾರೆಯೇ? ಎರಡನೆಯವನು ಐದನೆಯವನಿಗೆ ‘ಇವನನ್ನು ಸಮುದ್ರಕ್ಕೆ ತಳ್ಳೋಣ, ನಿನಗೆ 20 ಕೊಡುತ್ತೇನೆ’ ಎಂದರೆ ಲೆಕ್ಕವೆಲ್ಲ ತಲೆಕೆಳಗಾಗುವುದಿಲ್ಲವೇ?
— ಓದುಗರೊಬ್ಬರು, ಹಾಸನ

ನಮಸ್ಕಾರ. ಇದೇ ಪ್ರಶ್ನೆ ಇನ್ನೂ ಹಲವರಿಗೆ ಬಂದಿರುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ.

ಮೊದಲು ನಿಯಮಗಳನ್ನು ಸರಿಯಾಗಿ ಹಿಡಿದುಕೊಳ್ಳೋಣ, ಏಕೆಂದರೆ ಉತ್ತರವೆಲ್ಲ ನಿಂತಿರುವುದು ಅವುಗಳ ಮೇಲೆ. ಉಳಿದವರಲ್ಲಿ ಹಿರಿಯನಾದವನು ಹಂಚಿಕೆ ಹೇಳುತ್ತಾನೆ, ಅವನೂ ಸೇರಿ ಎಲ್ಲರೂ ಮತ ಹಾಕುತ್ತಾರೆ. ಅರ್ಧದಷ್ಟು ಮತ ಬಿದ್ದರೂ ಹಂಚಿಕೆ ಪಾಸು. ಇಲ್ಲದಿದ್ದರೆ ಅವನು ಸಮುದ್ರದ ಪಾಲು, ಮುಂದಿನವನ ಸರದಿ. ಪ್ರತಿಯೊಬ್ಬನಿಗೂ ಮೊದಲು ಬೇಕಾದದ್ದು ತನ್ನ ಜೀವ, ಆಮೇಲೆ ಚಿನ್ನ. ಎರಡು ದಾರಿಯಲ್ಲೂ ಸಿಗುವ ಚಿನ್ನ ಒಂದೇ ಆದರೆ ಎದುರಿನವನನ್ನು ಸಮುದ್ರಕ್ಕೆ ತಳ್ಳುವ ದಾರಿಯೇ ಅವನಿಗೆ ಇಷ್ಟ. 1999ರಲ್ಲಿ ಗಣಿತಜ್ಞ ಇಯಾನ್ ಸ್ಟೀವರ್ಟ್ ಅವರು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಈ ಒಗಟನ್ನು ಚರ್ಚಿಸಿದಾಗಲೂ ಇದೇ ಅರ್ಧ ಮತದ ನಿಯಮವಿತ್ತು.

ನೀವು ಲೆಕ್ಕವನ್ನು ಮೊದಲನೆಯವನಿಂದ ಶುರು ಮಾಡಿದ್ದೀರಿ. ಅಲ್ಲಿಂದ ಹೊರಟರೆ ದಾರಿ ಸಿಗುವುದಿಲ್ಲ. ಐದನೆಯವನಿಗೆ 1 ನಾಣ್ಯ ಹೆಚ್ಚೋ ಕಡಿಮೆಯೋ ಎಂದು ಹೇಳಬೇಕಾದರೆ, ‘ಬೇಡ’ ಎಂದಮೇಲೆ ಅವನಿಗೆ ಎಷ್ಟು ಸಿಗುತ್ತದೆ ಎಂಬುದು ಗೊತ್ತಿರಬೇಕು. ಅದು ಗೊತ್ತಾಗುವುದು ಮುಂದಿನ ಸುತ್ತಿನಿಂದ, ಆ ಸುತ್ತು ತಿಳಿಯುವುದು ಅದರ ಮುಂದಿನದರಿಂದ. ಹೀಗೆ ಹೋಗುತ್ತಾ ಹೋಗುತ್ತಾ ಮುಂದೆ ಯಾವ ಸುತ್ತೂ ಇಲ್ಲದ ಜಾಗಕ್ಕೆ ಬಂದು ನಿಲ್ಲುತ್ತೇವೆ. ಪೆನ್ನು ಅಲ್ಲಿ ಊರಬೇಕು. ಇದನ್ನೇ ಬ್ಯಾಕ್‌ವರ್ಡ್ ಇಂಡಕ್ಷನ್ ಎನ್ನುವುದು.

ಒಂದು ಹಾಳೆಯ ಅಡಿಯಲ್ಲಿ ನಾಲ್ಕನೆಯವ, ಐದನೆಯವ ಇಬ್ಬರೇ ಉಳಿದ ಸುತ್ತನ್ನು ಬರೆಯಿರಿ. ನಾಲ್ಕನೆಯವನ ಒಂದೇ ಮತ ಅರ್ಧವಾಯಿತು. ಅವನು 100 ಪೂರ್ತಿ ಇಟ್ಟುಕೊಳ್ಳುತ್ತಾನೆ. ಐದನೆಯವ ಎಷ್ಟು ಕೂಗಾಡಿದರೂ ಅವನಿಗೆ 0.

ಅದರ ಮೇಲಿನ ಸಾಲಿನಲ್ಲಿ ಮೂವರು. ಮೂರನೆಯವನಿಗೆ ತನ್ನದಲ್ಲದೆ ಇನ್ನೊಂದು ಮತ ಬೇಕು. ನಾಲ್ಕನೆಯವನನ್ನು ಕೊಳ್ಳಲು ಹೋದರೆ ಆಗದು: ಮುಂದಿನ ಸುತ್ತಿನಲ್ಲಿ 100 ಕಾದಿರುವಾಗ 99 ಕೊಟ್ಟರೂ ಅವನು ಒಪ್ಪುವುದಿಲ್ಲ. ಐದನೆಯವನಿಗೆ ಮುಂದೆ ಕಾದಿರುವುದು ಸೊನ್ನೆ, ಆದ್ದರಿಂದ ಒಂದೇ ನಾಣ್ಯಕ್ಕೆ ಅವನು ಸಿಗುತ್ತಾನೆ. ಸೊನ್ನೆಗೆ ಸಿಗುವುದಿಲ್ಲ, ಏಕೆಂದರೆ ಸಮಸಮವಾದರೆ ತಳ್ಳುವುದೇ ಅವನಿಗೆ ಇಷ್ಟ. ಹಂಚಿಕೆ 99, 0, 1.

ನಾಲ್ವರಿದ್ದಾಗಲೂ ಎರಡನೆಯವನಿಗೆ ಬೇಕಾದದ್ದು ಇನ್ನೊಂದೇ ಮತ, ನಾಲ್ಕರಲ್ಲಿ ಎರಡು ಸಾಕಲ್ಲ. ಮೂವರ ಹಂಚಿಕೆಯಲ್ಲಿ ಬರಿಗೈಯಾದವನು ನಾಲ್ಕನೆಯವ. ಅವನಿಗೆ 1 ಕೊಟ್ಟರೆ ಮುಗಿಯಿತು: 99, 0, 1, 0. ಬಹಳ ಜನ ತಪ್ಪುವುದು ಇಲ್ಲೇ. ಐದನೆಯವನನ್ನು ಇಲ್ಲೂ ಅಗ್ಗದವನೆಂದುಕೊಂಡು ಅವನಿಗೆ 1 ಕೊಡುತ್ತಾರೆ. ಆದರೆ ಈ ಸುತ್ತಿನಲ್ಲಿ ಅವನ ಬೆಲೆ 2. ಮೂವರ ಸುತ್ತು ಬಂದರೆ ಅವನಿಗೆ ಹೇಗೂ 1 ಇದೆ, ಹಾಗಿರುವಾಗ 1 ಕೊಟ್ಟರೆ ತಳ್ಳಿಯೇ ತಳ್ಳುತ್ತಾನೆ.

ಈಗ ಮೊದಲನೆಯವ. ಐವರಲ್ಲಿ ಮೂರು ಮತ, ಅಂದರೆ ಹೊರಗಿನಿಂದ ಎರಡು. ಕೆಳಗಿನ ಸಾಲು ನೋಡಿ ಪ್ರತಿಯೊಬ್ಬನ ಬೆಲೆ ಬರೆಯಿರಿ. ಎರಡನೆಯವನ ಬೆಲೆ 100, ಮೂರನೆಯವನದು 1, ನಾಲ್ಕನೆಯವನದು 2, ಐದನೆಯವನದು 1. ಅಗ್ಗದ ಇಬ್ಬರನ್ನು ಕೊಂಡರೆ 98, 0, 1, 0, 1. ಹಂಚಿಕೆ ಸರಿಯೋ ಎಂದು ನೋಡಲು ಮೊತ್ತ 100 ಆಯಿತೇ ಎಂದು ಕೂಡಿದರೆ ಸಾಲದು. ಪ್ರತಿಯೊಬ್ಬನ ಪಾಲನ್ನು ಕೆಳಗಿನ ಸಾಲಿನಲ್ಲಿರುವ ಅವನದೇ ಪಾಲಿನ ಜೊತೆ ಹೋಲಿಸಿ, ‘ಹೌದು’ ಎನ್ನುವವರನ್ನು ಎಣಿಸಬೇಕು. ಇಲ್ಲಿ ಮೊದಲನೆಯವ, ಮೂರನೆಯವ, ಐದನೆಯವ, ಒಟ್ಟು ಮೂರು.

ಇನ್ನು ನಿಮ್ಮ 20 ನಾಣ್ಯದ ಮಾತಿಗೆ ಬರೋಣ. ಎರಡನೆಯವನು ಹಾಗೆ ಮಾತು ಕೊಟ್ಟ, ಐದನೆಯವ ನಂಬಿದ, ಮೊದಲನೆಯವ ಸಮುದ್ರಕ್ಕೆ ಹೋದ ಎನ್ನೋಣ. ಈಗ ಹಂಚುವವನು ಎರಡನೆಯವ. ಅವನಿಗೆ ಬೇಕಾದದ್ದು ಒಂದೇ ಹೊರಗಿನ ಮತ, ಅದನ್ನು ನಾಲ್ಕನೆಯವ 1 ನಾಣ್ಯಕ್ಕೆ ಕೊಡುತ್ತಾನೆ. ಐದನೆಯವನ ಮತ ಅವನಿಗೆ ಬೇಕಾಗೇ ಇಲ್ಲ. ಬೇಡದ ಮತಕ್ಕೆ ಅವನು 20 ಏಕೆ ಕೊಟ್ಟಾನು? ಕೊಟ್ಟ ಮಾತಿಗೆ ಕಟ್ಟಿಹಾಕುವ ಪತ್ರ, ಸಾಕ್ಷಿ, ಪಂಚಾಯ್ತಿ ಯಾವುದೂ ಆ ಹಡಗಿನಲ್ಲಿಲ್ಲ. ಐದನೆಯವ ಇದನ್ನು ಮೊದಲೇ ಬಲ್ಲ, ಆದ್ದರಿಂದ ಕೈಗೆ ಬಂದ 1 ನಾಣ್ಯ ಬಿಡುವುದಿಲ್ಲ. ನಾಲ್ವರೂ ಒಟ್ಟಾಗುವ ಒಪ್ಪಂದವೂ ಹೀಗೆಯೇ ಮುರಿಯುತ್ತದೆ. ಮೊದಲನೆಯವ ನೀರಿಗೆ ಬಿದ್ದ ಗಳಿಗೆಯಿಂದ ಎರಡನೆಯವನಿಗೆ ಅದನ್ನು ಪಾಲಿಸುವ ಕಾರಣ ಉಳಿಯುವುದಿಲ್ಲ. ಮಾತು ಕಡ್ಡಾಯವೆಂದು ನೀವು ನಿಯಮ ಸೇರಿಸಿದರೆ ಅದು ಬೇರೆಯೇ ಒಗಟು, ಅದಕ್ಕೆ ನಮ್ಮ ಉತ್ತರ ಹೊಂದುವುದಿಲ್ಲ.

ನಿಯಮದ ಒಂದು ಪದ ಬದಲಾದರೂ ಹಾಳೆಯ ಅಡಿಯಿಂದಲೇ ಹೊಸದಾಗಿ ಬರೆಯಬೇಕು. ಅರ್ಧ ಸಾಲದು, ಅರ್ಧಕ್ಕಿಂತ ಹೆಚ್ಚು ಮತ ಬೇಕು ಎನ್ನಿ. ಆಗ ಇಬ್ಬರೇ ಉಳಿದಾಗ ನಾಲ್ಕನೆಯವ 100 ಪೂರ್ತಿ ಕೊಟ್ಟರೂ ಐದನೆಯವ ಅವನನ್ನು ತಳ್ಳುತ್ತಾನೆ, ಹೇಗೂ ಆ 100 ಅವನದೇ ಆಗುತ್ತದೆ. ಹಾಗಾಗಿ ನಾಲ್ಕನೆಯವ ಜೀವಭಯದಿಂದ ಮೂರನೆಯವನಿಗೆ ಬಿಟ್ಟಿಯಾಗಿ ಮತ ಹಾಕುತ್ತಾನೆ, ಮೂವರ ಹಂಚಿಕೆ 100, 0, 0 ಆಗುತ್ತದೆ. ನಾಲ್ವರಲ್ಲಿ ಮೂರು ಮತ ಬೇಕು: 98, 0, 1, 1. ಐವರಲ್ಲೂ ಮೂರೇ. ಮೂರನೆಯವನಿಗೆ 1, ನಾಲ್ಕನೆಯವ ಅಥವಾ ಐದನೆಯವ ಇವರಲ್ಲಿ ಒಬ್ಬನಿಗೆ 2, ಮೊದಲನೆಯವನಿಗೆ 97. ಇಲ್ಲಿ ಉತ್ತರ ಎರಡು, ಎರಡೂ ಸರಿ. ಸಮಸಮವಾದಾಗ ತಳ್ಳುವ ಚಟವನ್ನು ತೆಗೆದು, ಅರ್ಧ ಮತದ ನಿಯಮ ಉಳಿಸಿ, ಸಮವಾದರೆ ‘ಹೌದು’ ಎನ್ನುತ್ತಾರೆ ಎಂದರೆ ಮೊದಲನೆಯವನಿಗೆ ಪೂರ್ತಿ 100.

ಆದರೂ ನಿಮ್ಮ ‘ಸುಮ್ಮನೆ ಬಿಡುತ್ತಾರೆಯೇ’ ಎಂಬ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ನಿಜವಾದ ಮನುಷ್ಯರು ಬಿಡುವುದಿಲ್ಲ. ಜರ್ಮನಿಯ ಅರ್ಥಶಾಸ್ತ್ರಜ್ಞ ವೆರ್ನರ್ ಗ್ಯುತ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬ ಹಣ ಹಂಚಿದ, ಇನ್ನೊಬ್ಬ ಒಪ್ಪದಿದ್ದರೆ ಇಬ್ಬರಿಗೂ ಏನೂ ಇಲ್ಲ. ಹಿಂದಿನಿಂದ ಲೆಕ್ಕ ಹಾಕಿದರೆ ಎಷ್ಟೇ ಚಿಕ್ಕ ಪಾಲಾದರೂ ಒಪ್ಪಬೇಕು. ಆದರೆ ತೀರಾ ಕಡಿಮೆ ಕೊಟ್ಟಾಗ ಕೆಲವರು ತಮ್ಮ ಪಾಲನ್ನು ಕಳೆದುಕೊಂಡೂ ಬೇಡವೆಂದರು.

ಆ ಸಿಟ್ಟನ್ನೂ ಹಾಳೆಗೆ ತರಬಹುದು. ಹಂಚುವವನನ್ನು ಬಿಟ್ಟು ಯಾರೂ 10 ನಾಣ್ಯಕ್ಕಿಂತ ಕಡಿಮೆಗೆ, ಮುಂದೆ ಏನೇ ಆಗಲಿ, ‘ಹೌದು’ ಎನ್ನುವುದಿಲ್ಲ ಎಂದು ಇಟ್ಟುಕೊಳ್ಳಿ. ಮತ್ತೆ ಅರ್ಧ ಮತದ ನಿಯಮದಲ್ಲೇ ಬರೆಯುತ್ತಾ ಬಂದರೆ ಇಬ್ಬರಿದ್ದಾಗ 100, 0. ಮೂವರಿದ್ದಾಗ 90, 0, 10. ನಾಲ್ವರಿದ್ದಾಗ 90, 0, 10, 0. ಐವರಿದ್ದಾಗ 80, 0, 10, 0, 10. ಪಾಲು ಪಡೆಯುವವರು ಅದೇ ಮೂರನೆಯವ ಮತ್ತು ಐದನೆಯವ, ಅವರ ಬೆಲೆ ಮಾತ್ರ ಏರಿದೆ.