ಪಾಸಿಟ್ರಾನ್ ಎಲ್ಲಿ ಕುಳಿತಿದೆ, ಸ್ವಾಮಿ?

ಮಾನ್ಯ ಸಂಪಾದಕರೇ, ‘ಹೈಡ್ರೋಜನ್ನಿನ ಬಂಧುಬಳಗ’ ಎಂಬ ಲೇಖನ ಕಳುಹಿಸಿದ್ದೇನೆ. ಅದರ ಮುಖ್ಯ ಭಾಗ ಇದು: “ಪಾಸಿಟ್ರೋನಿಯಂನಲ್ಲಿ ಪ್ರೋಟಾನಿನ ಜಾಗದಲ್ಲಿ ಪಾಸಿಟ್ರಾನ್ ಕುಳಿತಿರುತ್ತದೆ, ಎಲೆಕ್ಟ್ರಾನ್ ಅದರ ಸುತ್ತ ತಿರುಗುತ್ತದೆ. ವಿದ್ಯುದಾವೇಶ ಬದಲಾಗದ್ದರಿಂದ ಬಂಧನ ಶಕ್ತಿಯೂ ಅದೇ 13.6 ಎಲೆಕ್ಟ್ರಾನ್ ವೋಲ್ಟ್. ಮ್ಯೂಆನ್ ಎಲೆಕ್ಟ್ರಾನಿಗಿಂತ 207 ಪಟ್ಟು ಭಾರ, ಹಾಗಾಗಿ ಮ್ಯೂಆನಿಕ್ ಹೈಡ್ರೋಜನ್ನಿನ ಬಂಧನ ಶಕ್ತಿ 207 ಪಟ್ಟು.” ಎಲ್ಲಿ ತಿದ್ದಬೇಕು, ತಿಳಿಸಿ.
— ಶಿಡ್ಲಘಟ್ಟದ ಒಬ್ಬ ಶಿಕ್ಷಕ

ಬರವಣಿಗೆ ಸರಾಗವಾಗಿದೆ, ಅಕ್ಷರ ಮುದ್ದಾಗಿದೆ. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಲೇಖನ ಶುರು ಮಾಡಿದ್ದು ನನಗೆ ಇಷ್ಟವಾಯಿತು. ಆದರೆ ‘ಕುಳಿತಿರುತ್ತದೆ’ ಎಂಬ ಒಂದು ಕ್ರಿಯಾಪದ ನನ್ನ ರಾತ್ರಿಯ ನಿದ್ದೆ ಕೆಡಿಸಿತು.

ಯಾರು ಕೂರಿಸಿದರು ಅದನ್ನು? ಪಾಸಿಟ್ರಾನ್ ಎಂದರೆ ಧನಾವೇಶ ಹೊತ್ತ ಎಲೆಕ್ಟ್ರಾನಿನ ಅವಳಿ, ಅದರ ದ್ರವ್ಯರಾಶಿ ಎಲೆಕ್ಟ್ರಾನಿನಷ್ಟೇ. ಸಮತೂಕದ ಇಬ್ಬರು ಮಕ್ಕಳು ಕೈಕೈ ಹಿಡಿದು ಗಿರಗಿರನೆ ಸುತ್ತುವಾಗ ಒಬ್ಬರು ನಿಂತು ಇನ್ನೊಬ್ಬರು ಸುತ್ತುವುದಿಲ್ಲ. ಇಬ್ಬರೂ ನಡುವಿನ ಒಂದು ಬಿಂದುವನ್ನು ಸುತ್ತುತ್ತಾರೆ. ಪ್ರೋಟಾನ್ ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರವಾದ್ದರಿಂದ ಹೈಡ್ರೋಜನ್ನಿನಲ್ಲಿ ಆ ಬಿಂದು ಪ್ರೋಟಾನಿಗೆ ಅಂಟಿಕೊಂಡಂತೆಯೇ ಇರುತ್ತದೆ. ನಿಮ್ಮ ಕಣ್ಣಿಗೆ ಮೋಸವಾದದ್ದು ಅಲ್ಲಿಯೇ.

ಇಬ್ಬರ ಚಲನೆಯನ್ನೂ ಲೆಕ್ಕಕ್ಕೆ ತರುವ ಉಪಾಯವೇ ರೆಡ್ಯೂಸ್ಡ್ ಮಾಸ್. ನಾನು ಅದನ್ನು ‘ತಗ್ಗಿದ ರಾಶಿ’ ಎನ್ನುತ್ತೇನೆ. ಎರಡೂ ದ್ರವ್ಯರಾಶಿಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಿಗುವುದು ಅದು. ಬಂಧನ ಶಕ್ತಿಯನ್ನು ಕೊಡುವ ಬೋರ್ ಸೂತ್ರದಲ್ಲಿ ಎಲೆಕ್ಟ್ರಾನಿನ ದ್ರವ್ಯರಾಶಿಯ ಜಾಗಕ್ಕೆ ಇದನ್ನು ಹಾಕಬೇಕು. ಹೈಡ್ರೋಜನ್ನಿಗೆ ಬರುವುದು ಎಲೆಕ್ಟ್ರಾನಿನ ದ್ರವ್ಯರಾಶಿಯ 1836/1837 ಪಾಲು. ಆಗ 13.606 ಎಲೆಕ್ಟ್ರಾನ್ ವೋಲ್ಟ್ 13.598ಕ್ಕೆ ಇಳಿಯುತ್ತದೆ. ಎರಡನ್ನೂ 13.6 ಎಂದು ಬರೆದುಕೊಳ್ಳುವ ನಮ್ಮ ರೂಢಿಯಲ್ಲಿ ಈ ವ್ಯತ್ಯಾಸ ಅಡಗಿ ಕೂರುತ್ತದೆ. ಪಾಸಿಟ್ರೋನಿಯಂನಲ್ಲಿ ಅಡಗಲು ಜಾಗವಿಲ್ಲ: ತಗ್ಗಿದ ರಾಶಿ ನೇರ ಅರ್ಧ, ಬಂಧನ ಶಕ್ತಿಯೂ ಅರ್ಧ, 6.8. ಆದ್ದರಿಂದ ಎರಡನೆಯ ಮಟ್ಟದಿಂದ ಮೊದಲನೆಯದಕ್ಕೆ ಇಳಿಯುವಾಗ ಹೈಡ್ರೋಜನ್ 121.6 ನ್ಯಾನೊಮೀಟರಿನ ಬೆಳಕು ಬಿಟ್ಟರೆ ಪಾಸಿಟ್ರೋನಿಯಂ ಬಿಡುವುದು 243ರ ಬೆಳಕು. ನಿಮ್ಮ ವಾಕ್ಯ ನಂಬಿದವನು ರೋಹಿತದಲ್ಲಿ ತಪ್ಪು ಜಾಗದಲ್ಲಿ ಹುಡುಕುತ್ತಾ ಕೂರುತ್ತಾನೆ.

ನಾನೂ ಹಾಗೆ ಕುಳಿತವನೇ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತುಮಕೂರಿನ ಒಂದು ಸಣ್ಣ ವಿಜ್ಞಾನ ಮಾಸಿಕದಲ್ಲಿ ಕರಡು ತಿದ್ದುತ್ತಿದ್ದೆ. ಒಮ್ಮೆ ಸ್ವಂತದೊಂದು ಲೇಖನ ಬರೆದು ‘ಚಂದ್ರ ಭೂಮಿಯನ್ನು ಸುತ್ತುತ್ತದೆ’ ಎಂದಿದ್ದೆ. ಹಿರಿಯರು ಅದರ ಕೆಳಗೆ ಕೆಂಪು ಮಸಿಯಲ್ಲಿ ‘ಆಗ ಭೂಮಿ ಏನು ಮಾಡುತ್ತಿರುತ್ತದೆ?’ ಎಂದು ಬರೆದು ಹಾಳೆಯನ್ನು ಮೂರು ದಿನ ಮೇಜಿನ ಮೇಲೆ ಹಾಗೆಯೇ ಬಿಟ್ಟರು. ನಾಲ್ಕನೆಯ ದಿನ ನಾನೇ ಲೆಕ್ಕ ಹಾಕಿದೆ. ಎರಡರ ದ್ರವ್ಯರಾಶಿ ಕೇಂದ್ರ ಭೂಮಿಯ ನಡುವಿನಿಂದ ಸುಮಾರು 4,700 ಕಿಲೋಮೀಟರ್ ದೂರದಲ್ಲಿದೆ, ಭೂಮಿಯೂ ಅದರ ಸುತ್ತ ತೊನೆಯುತ್ತದೆ. ಅವರು ಹೊಗಳಲಿಲ್ಲ, ಚಹಾ ತರಿಸಿದರು.

ಈಗ ನಿಮ್ಮ ಕೊನೆಯ ವಾಕ್ಯ. ಅಲ್ಲಿ ನೀವು ಎಲೆಕ್ಟ್ರಾನಿನ ಜಾಗಕ್ಕೆ ಮ್ಯೂಆನ್ ತಂದು ದ್ರವ್ಯರಾಶಿಯನ್ನು ಬದಲಿಸಿದ್ದೀರಿ, ಆದರೆ ಪ್ರೋಟಾನನ್ನು ಮತ್ತೆ ಕೂರಿಸಿಬಿಟ್ಟಿದ್ದೀರಿ. ಮ್ಯೂಆನಿನ ಮುಂದೆ ಪ್ರೋಟಾನ್ ಬರೀ ಒಂಬತ್ತು ಪಟ್ಟು ಭಾರ, ಅದೂ ಅಲ್ಲಾಡುತ್ತದೆ. 207ನ್ನು 1836ರಿಂದ ಗುಣಿಸಿ 2043ರಿಂದ ಭಾಗಿಸಿ: 186. ಬಂಧನ ಶಕ್ತಿ ಸುಮಾರು 2,530 ಎಲೆಕ್ಟ್ರಾನ್ ವೋಲ್ಟ್. ನಿಮ್ಮ ಲೆಕ್ಕದಲ್ಲಿ ಅದು 2,815. ಪರೀಕ್ಷಿಸುವ ದಾರಿಯೂ ಇದೆ. ಎರಡನೆಯ ಮಟ್ಟದಿಂದ ಮೊದಲನೆಯದಕ್ಕೆ ಇಳಿಯುವಾಗ ಹೊರಡುವ ಎಕ್ಸ್-ಕಿರಣದ ಶಕ್ತಿ ಬಂಧನ ಶಕ್ತಿಯ ಮುಕ್ಕಾಲು ಪಾಲು. ಅಳೆದರೆ ಸಿಗುವುದು 1.9 ಸಾವಿರ ಎಲೆಕ್ಟ್ರಾನ್ ವೋಲ್ಟ್, ನಿಮ್ಮ 2.1 ಸಾವಿರವಲ್ಲ.

ತಿದ್ದುವಾಗ ಒಂದು ಎಚ್ಚರ. ತಗ್ಗಿದ ರಾಶಿ ಕಂಡ ಉತ್ಸಾಹದಲ್ಲಿ ಎಲ್ಲವನ್ನೂ ಅದರಿಂದಲೇ ವಿವರಿಸಲು ಹೋಗಬೇಡಿ. ಅದು ಮುಖ್ಯ ಮಟ್ಟಗಳನ್ನಷ್ಟೇ ಸರಿಪಡಿಸುತ್ತದೆ. ಪಾಸಿಟ್ರೋನಿಯಂನ ತಳಮಟ್ಟ ಸ್ಪಿನ್ನುಗಳಿಂದಾಗಿ ಎರಡಾಗಿ ಒಡೆಯುವ ಅಂತರ ಸುಮಾರು 203 ಗಿಗಾಹರ್ಟ್ಸ್, ಹೈಡ್ರೋಜನ್ನಿನಲ್ಲಿ ಅದು 1.42. ಅರ್ಧ ಮಾಡಿದರೆ ಈ ಅಂಕಿ ಬರುವುದಿಲ್ಲ. ಪಾಸಿಟ್ರಾನ್ ಪ್ರೋಟಾನಿಗಿಂತ ಬಲು ಬಲವಾದ ಕಾಂತ, ಜೊತೆಗೆ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದನ್ನೊಂದು ನಾಶ ಮಾಡಿಕೊಳ್ಳಬಲ್ಲವು. ಆ ಕಥೆ ಬೇರೆ ಲೇಖನಕ್ಕಿರಲಿ.

ಮೊದಲನೆಯ ವಾಕ್ಯವನ್ನು ಪೂರ್ತಿ ಹೊಡೆದುಹಾಕಿ, ಉಳಿದವನ್ನು ಹೊಸದಾಗಿ ಬರೆದು ಕಳುಹಿಸಿ. ಗೂಡಿನ ಮಾರುಕಟ್ಟೆಯನ್ನು ಮುಟ್ಟಬೇಡಿ.